ಇಪ್ಪತ್ತೇಳು ವರ್ಷಗಳ ನಂತರ ಶಾಲೆಯ ಗೆಳೆಯನಿಗೆ ಮೊದಲ ಸಂದೇಶ ಬರೆಯುವುದು ಹೇಗೆ?

ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯನ ಮೊಬೈಲ್ ಸಂಖ್ಯೆ ಬಹಳ ವರ್ಷಗಳ ನಂತರ ಎಲ್ಲಿಂದಲೋ ಕೈಗೆ ಸಿಕ್ಕಾಗ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಆ ಸಂಖ್ಯೆಯನ್ನು ಉಳಿಸಿಟ್ಟುಕೊಂಡು ಸುಮ್ಮನಾಗುತ್ತಾರೆ, ಉಳಿದವರು ಉತ್ಸಾಹದಲ್ಲಿ ‘ಹಾಯ್’ ಎಂದು ಕಳಿಸಿ ಕಾಯುತ್ತಾರೆ. ನಾನು ಮೊದಲು ಎರಡು ತಿಂಗಳು ಸುಮ್ಮನಿದ್ದು, ಆಮೇಲೆ ಒಂದು ಭಾನುವಾರ ರಾತ್ರಿ ಹತ್ತು ಗಂಟೆಗೆ ‘ಹಾಯ್ ಮಂಜು, ನಾನು ಯಾರು ಹೇಳು ನೋಡೋಣ?’ ಎಂದು ವಾಟ್ಸಾಪ್‌ನಲ್ಲಿ ಬರೆದೆ. ಎರಡು ಗೆರೆಗಳು ನೀಲಿಯಾದವು. ಮರುದಿನ ಬೆಳಿಗ್ಗೆ ನೋಡಿದಾಗ ಅವನ ಪ್ರೊಫೈಲ್ ಚಿತ್ರ ಕಾಣುತ್ತಿರಲಿಲ್ಲ, ನಾನು ಕಳಿಸಿದ ಎರಡನೇ ಸಂದೇಶ ಒಂದೇ ಬೂದು ಗೆರೆಯಲ್ಲಿ ನಿಂತುಬಿಟ್ಟಿತ್ತು. ಈ ಎರಡೂ ಒಟ್ಟಿಗೆ ಆದರೆ ಬಹುಮಟ್ಟಿಗೆ ಅರ್ಥ ಒಂದೇ, ನಮ್ಮನ್ನು ಬ್ಲಾಕ್ ಮಾಡಲಾಗಿದೆ.

ಅವನ ತಪ್ಪೇನೂ ಇರಲಿಲ್ಲ. ಅಪರಿಚಿತ ಸಂಖ್ಯೆಯಿಂದ ‘ನಾನು ಯಾರು ಹೇಳು’ ಎಂದು ಕೇಳಿ, ಎದುರಿನವರ ಬಾಯಿಂದಲೇ ಯಾವುದೋ ಹಳೆಯ ಗೆಳೆಯನ ಹೆಸರು ಹೊರಡಿಸಿ, ‘ಹೌದು, ನಾನೇ’ ಎಂದು ನಂಬಿಸಿ, ಆಮೇಲೆ ಆಸ್ಪತ್ರೆಯ ಖರ್ಚೆಂದು ಹಣ ಕೇಳುವುದು ಮೋಸಗಾರರ ಬಳಕೆಯಲ್ಲಿರುವ ಉಪಾಯ. ಮಂಜುವಿನ ಪಕ್ಕದ ಮನೆಯವರು ಅದೇ ರೀತಿ ಹಣ ಕಳೆದುಕೊಂಡಿದ್ದರೆಂದು ನನಗೆ ಆಮೇಲೆ ತಿಳಿಯಿತು. ಮೊದಲ ಸಂದೇಶ ನಮಗೆ ಎಷ್ಟೇ ಆತ್ಮೀಯವಾಗಿ ಕಂಡರೂ ಓದುವವರ ಕೈಯಲ್ಲಿ ಅದು ಗುರುತಿಲ್ಲದ ಹತ್ತು ಅಂಕಿಗಳಿಂದ ಬಂದ ಕೋರಿಕೆಯಷ್ಟೇ. ಆದ್ದರಿಂದ ಬರೆಯುವವನು ನಿಜಕ್ಕೂ ತಾನು ಹೇಳಿಕೊಳ್ಳುವ ವ್ಯಕ್ತಿಯೇ ಎಂಬುದು ಓದುವವರಿಗೆ ಮೊದಲು ಖಾತ್ರಿಯಾಗಬೇಕು, ಅವನಿಗೆ ತಮ್ಮಿಂದ ಏನೂ ಬೇಕಾಗಿಲ್ಲ ಎಂಬುದೂ ಗೊತ್ತಾಗಬೇಕು. ನನ್ನ ಎರಡನೇ ಪ್ರಯತ್ನವನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ಹಂತಹಂತವಾಗಿ ವಿವರಿಸುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಬರೆಯುವ ಮುನ್ನ ಒಬ್ಬರನ್ನು ಕೇಳಿ

ನಿಮ್ಮ ಬಳಿ ಇರುವ ಸಂಖ್ಯೆ ಈಗಲೂ ಆ ಗೆಳೆಯನದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಸಂಪರ್ಕ ಕಡಿದುಹೋದ ಮೊಬೈಲ್ ಸಂಖ್ಯೆಯನ್ನು 90 ದಿನಗಳು ಕಳೆದ ನಂತರ ಬೇರೆ ಗ್ರಾಹಕರಿಗೆ ಕೊಡಲು ಅವಕಾಶವಿದೆ. ಹಾಗಾಗಿ ಐದಾರು ವರ್ಷಗಳ ಹಿಂದೆ ಯಾವುದೋ ಮದುವೆ ಮನೆಯಲ್ಲಿ ಬರೆದುಕೊಂಡ ಸಂಖ್ಯೆ ಇಂದು ಸಂಬಂಧವೇ ಇಲ್ಲದವರ ಫೋನಿನಲ್ಲಿ ಇರಬಹುದು. ನಿಮ್ಮ ಬಾಲ್ಯದ ನೆನಪನ್ನೆಲ್ಲ ಅಂಥವರಿಗೆ ಕಳಿಸಿ, ಅವರು ‘ರಾಂಗ್ ನಂಬರ್’ ಎಂದು ಉತ್ತರಿಸಿದರೆ ಮತ್ತೊಮ್ಮೆ ಬರೆಯುವ ಮನಸ್ಸೇ ಉಳಿಯುವುದಿಲ್ಲ.

ಇದನ್ನು ತಿಳಿಯಲು ನಡುವಿನ ಒಬ್ಬ ಗೆಳೆಯನೋ ಗೆಳತಿಯೋ ಬೇಕು. ಈಗ ಬಹುತೇಕ ಶಾಲೆಗಳ ಎಸ್ಸೆಸ್ಸೆಲ್ಸಿ ಬ್ಯಾಚ್‌ಗಳಿಗೆ ವಾಟ್ಸಾಪ್ ಗುಂಪುಗಳಿವೆ. ನಿಮ್ಮ ಬ್ಯಾಚಿನದು ಇಲ್ಲದಿದ್ದರೂ ಊರಿನಲ್ಲೇ ಉಳಿದು ಅಂಗಡಿಯನ್ನೋ ತೋಟವನ್ನೋ ನೋಡಿಕೊಂಡಿರುವ ಒಬ್ಬ ಸಹಪಾಠಿಯಾದರೂ ಸಿಕ್ಕೇ ಸಿಗುತ್ತಾನೆ, ಅವನಿಗೆ ಎಲ್ಲರ ಸುದ್ದಿಯೂ ಗೊತ್ತಿರುತ್ತದೆ. ಅವನಿಂದ ಸುಮ್ಮನೆ ಸಂಖ್ಯೆ ಇಸಿದುಕೊಂಡು ಬರಬೇಡಿ. ‘ಇಂಥವನು ನಿನಗೆ ಬರೆಯಬೇಕೆಂದಿದ್ದಾನೆ, ನಂಬರ್ ಕೊಡಲೇ?’ ಎಂದು ಮೊದಲು ಗೆಳೆಯನನ್ನೇ ಕೇಳುವಂತೆ ಹೇಳಿ. ಜೊತೆಗೆ, ಆ ಗೆಳೆಯನ ಮನೆಯಲ್ಲಿ ನೀವು ತಿಳಿದಿರಬೇಕಾದ ವಿಷಯವೇನಾದರೂ ಇದೆಯೇ ಎಂದು ವಿಚಾರಿಸಿ. ವಿವರ ಬೇಡ, ಎಡವದಿರಲು ಬೇಕಾದಷ್ಟು ತಿಳಿದರೆ ಸಾಕು.

ನನ್ನ ವಿಷಯದಲ್ಲಿ ರಾಘು ಈ ಕೆಲಸ ಮಾಡಿದ. ಮಂಜು ನನ್ನ ಹೆಸರು ಕೇಳಿ ‘ಅಯ್ಯೋ, ಅವನಾ, ಬರೀಲಿ ಬಿಡು’ ಎಂದು ಬ್ಲಾಕ್ ತೆಗೆದನಂತೆ. ಮಂಜುವಿನ ತಂದೆ ಎರಡು ವರ್ಷಗಳ ಹಿಂದೆ ತೀರಿಕೊಂಡದ್ದನ್ನೂ ರಾಘುವೇ ಹೇಳಿದ. ಈ ಒಂದು ಮಾತು ತಿಳಿಯದಿದ್ದರೆ ನಾನು ಖಂಡಿತ ‘ಅಪ್ಪ, ಅಮ್ಮ ಚೆನ್ನಾಗಿದ್ದಾರಾ?’ ಎಂದು ಬರೆಯುತ್ತಿದ್ದೆ.

ಇದೇ ಹಂತದಲ್ಲಿ ನಿಮ್ಮ ಪ್ರೊಫೈಲನ್ನೂ ಒಮ್ಮೆ ನೋಡಿಕೊಳ್ಳಿ. ನನ್ನ ಪ್ರೊಫೈಲ್ ಚಿತ್ರ ಕೃಷ್ಣನದಾಗಿತ್ತು, ಹೆಸರಿನ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿದ್ದವು. ಅದನ್ನು ನೋಡಿ ಯಾರೂ ನನ್ನನ್ನು ಗುರುತಿಸಲಾರರು. ಮುಖ ಸ್ಪಷ್ಟವಾಗಿ ಕಾಣುವ ಇತ್ತೀಚಿನ ಚಿತ್ರ ಮತ್ತು ಹಾಜರಿ ಪುಸ್ತಕದಲ್ಲಿದ್ದ ಹೆಸರು ಇದ್ದರೆ ಅರ್ಧ ಕೆಲಸ ಆದಂತೆ. ಮದುವೆಯ ನಂತರ ಹೆಸರು ಬದಲಾದ ಗೆಳತಿಯರು ಸಂದೇಶದಲ್ಲಿ ಶಾಲೆಯ ಹೆಸರನ್ನೇ ಬಳಸಬೇಕು, ಮಂಜುನಾಥ, ಲಕ್ಷ್ಮಿ, ಸುರೇಶ ಮುಂತಾದ ಹೆಸರಿನವರು ಇನಿಷಿಯಲನ್ನೋ ಊರಿನ ಹೆಸರನ್ನೋ ಸೇರಿಸಬೇಕು. ನಮ್ಮ ತರಗತಿಯಲ್ಲಿ ಮೂವರು ಸುರೇಶರಿದ್ದೆವು.

‘ನೀನು’ ಎನ್ನಬೇಕೇ, ‘ನೀವು’ ಎನ್ನಬೇಕೇ?

ಕನ್ನಡದಲ್ಲಿ ಬರೆಯುವವರು ಹೆಚ್ಚು ತಡವರಿಸುವುದು ಇಲ್ಲಿ. ‘ನೀನು’ ಎಂದರೆ ಸಲುಗೆ ಅತಿಯಾಯಿತೇನೋ ಎಂಬ ಅಳುಕು, ‘ನೀವು’ ಎಂದರೆ ದೂರ ಸರಿಸಿದಂತಾಗುತ್ತದೆಂಬ ಸಂಕೋಚ. ಕೆಲವರು ಸರ್ವನಾಮವನ್ನೇ ಬಿಟ್ಟು ಜಾಣತನದಿಂದ ದಾಟಿಬಿಡೋಣವೆಂದುಕೊಳ್ಳುತ್ತಾರೆ, ಆದರೆ ನಮ್ಮ ಭಾಷೆಯಲ್ಲಿ ಅದು ಒಂದೆರಡು ವಾಕ್ಯಗಳಿಗಿಂತ ಹೆಚ್ಚು ನಡೆಯುವುದಿಲ್ಲ. ‘ಹೇಗಿದ್ದೀಯ’ ಎಂದೋ ‘ಹೇಗಿದ್ದೀರಿ’ ಎಂದೋ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬೆರಕೆ: ‘ನೀವು ಹೇಗಿದ್ದೀರಿ’ ಎಂದು ಆರಂಭಿಸಿ ‘ನಿನ್ನನ್ನು ಮರೆತಿಲ್ಲ’ ಎಂದು ಮುಗಿಸಿದ ಸಂದೇಶವನ್ನು ಓದಿದರೆ ಇಬ್ಬರು ಸೇರಿ ಬರೆದಂತಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಶಾಲೆಯಲ್ಲಿ ಯಾವುದನ್ನು ಬಳಸುತ್ತಿದ್ದಿರೋ ಅದನ್ನೇ ಬಳಸಬೇಕು. ಏಕವಚನದಲ್ಲಿ ಬೈದಾಡಿಕೊಂಡವನಿಗೆ ‘ನೀವು’ ಎಂದು ಬರೆದರೆ ಅವನು ಮೊದಲು ಯೋಚಿಸುವುದು ‘ಇವನಿಗೆ ನನ್ನಿಂದ ಏನು ಬೇಕಾಗಿದೆ?’ ಎಂದೇ. ಆದರೆ ‘ನೀನು’ ಸಾಕು. ‘ಲೋ’, ‘ಕಣೋ’, ‘ಮಗನೇ’ ಇತ್ಯಾದಿಗಳನ್ನು ಅವನೇ ಮೊದಲು ಬಳಸುವವರೆಗೆ ಜೇಬಿನಲ್ಲಿಟ್ಟುಕೊಳ್ಳಿ. ಅವನ ಫೋನಿನಲ್ಲಿ ಬಂದ ಸಂದೇಶವನ್ನು ಅವನಿಗಿಂತ ಮೊದಲು ಹೆಂಡತಿಯೋ ಮಕ್ಕಳೋ ಓದಬಹುದು, ಕಚೇರಿಯಲ್ಲಿ ಅವನ ಕೈಕೆಳಗಿನವರು ಪಕ್ಕದಲ್ಲೇ ನಿಂತಿರಬಹುದು. ಅಡ್ಡಹೆಸರಿನ ಮಾತೂ ಇದೇ. ಹದಿನೈದನೇ ವಯಸ್ಸಿನಲ್ಲಿ ಎಲ್ಲರೂ ನಕ್ಕು ಕರೆಯುತ್ತಿದ್ದ ಅಡ್ಡಹೆಸರನ್ನು ಅವನು ಇಷ್ಟಪಟ್ಟಿದ್ದನೋ ಸಹಿಸಿಕೊಂಡಿದ್ದನೋ ನಮಗೆ ತಿಳಿಯದು.

ಗಂಡು-ಹೆಣ್ಣು ಸಹಪಾಠಿಗಳ ನಡುವಿನ ಲೆಕ್ಕ ಬೇರೆ. ನಮ್ಮ ಕಾಲದ ಅನೇಕ ಪ್ರೌಢಶಾಲೆಗಳಲ್ಲಿ ಹುಡುಗರೂ ಹುಡುಗಿಯರೂ ಮೂರು ವರ್ಷ ಒಂದೇ ಕೋಣೆಯಲ್ಲಿ ಕುಳಿತರೂ ಪರಸ್ಪರ ಮಾತನಾಡಿದ್ದು ಬೆರಳೆಣಿಕೆಯ ದಿನ. ಅಂಥಲ್ಲಿ ‘ನೀವು’ ಎನ್ನುವುದೇ ಸಹಜ. ಸಂದೇಶವನ್ನು ಹಗಲಿನಲ್ಲೇ ಕಳಿಸಬೇಕು, ನೆನಪು ಇಬ್ಬರಿಗೆ ಮಾತ್ರ ಸೇರಿದ್ದಾಗಿರದೆ ಇಡೀ ತರಗತಿಗೆ ಸೇರಿದ್ದಾಗಿದ್ದರೆ ಒಳ್ಳೆಯದು, ಸಾಧ್ಯವಾದರೆ ಇನ್ನೊಬ್ಬ ಗೆಳತಿಯ ಮೂಲಕವೇ ಮೊದಲ ಮಾತು ಹೋಗಲಿ.

ಮೊದಲ ಸಾಲು ಮತ್ತು ಒಂದು ನೆನಪು

ಫೋನಿನ ಪರದೆಯ ಮೇಲೆ ಮೊದಲು ಕಾಣುವುದು ಸಂದೇಶದ ಒಂದೆರಡು ಸಾಲು ಮಾತ್ರ. ತೆರೆಯಬೇಕೋ ಬೇಡವೋ ಎಂಬ ತೀರ್ಮಾನ ಅಲ್ಲೇ ಆಗುತ್ತದೆ. ಹಾಗಾಗಿ ‘ಹೇಗಿದ್ದೀಯ, ಬಹಳ ದಿನವಾಯಿತು’ ಎಂಬ ಪೀಠಿಕೆಯನ್ನು ಬಿಟ್ಟು, ಅವನ ಹೆಸರು, ನಿಮ್ಮ ಹೆಸರು, ಶಾಲೆ, ತರಗತಿಯ ವಿಭಾಗ ಮತ್ತು ವರ್ಷವನ್ನು ಮೊದಲ ವಾಕ್ಯದಲ್ಲೇ ಇಡಿ. ಸಂಖ್ಯೆ ಎಲ್ಲಿಂದ ಬಂತೆಂಬುದನ್ನು ಎರಡನೇ ವಾಕ್ಯದಲ್ಲಿ ಹೇಳಿ. ಕೇಳುವ ಮೊದಲೇ ಉತ್ತರ ಸಿಕ್ಕಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಅದಾದ ಮೇಲೆ ಬರಬೇಕಾದದ್ದು ಒಂದೇ ಒಂದು ನೆನಪು, ಮತ್ತು ಅದನ್ನು ಆರಿಸುವುದರಲ್ಲಿ ಸ್ವಲ್ಪ ಹೊತ್ತು ಕಳೆಯುವುದು ಸಾರ್ಥಕ. ಶಾಲೆಯ ಹೆಸರನ್ನೂ ವರ್ಷವನ್ನೂ ಫೇಸ್‌ಬುಕ್ಕಿನಿಂದ ಯಾರು ಬೇಕಾದರೂ ತೆಗೆಯಬಹುದು, ಆದರೆ ಒಂದು ಬೆಂಚಿನಲ್ಲಿ ಕುಳಿತವರಿಗೆ ಮಾತ್ರ ಗೊತ್ತಿರುವ ಸಣ್ಣ ವಸ್ತುವೊಂದು ನಿಮ್ಮ ಗುರುತಿನ ಚೀಟಿಯಾಗುತ್ತದೆ. ‘ಆ ದಿನಗಳೆಷ್ಟು ಚೆನ್ನಾಗಿದ್ದವು’ ಎಂಬ ಮಾತು ನೆನಪಲ್ಲ, ಅದನ್ನು ಯಾರು ಯಾರಿಗೂ ಬರೆಯಬಹುದು.

ನನ್ನ ಮನಸ್ಸಿಗೆ ಮೊದಲು ಬಂದದ್ದು ಹಿಂದಿ ಪಿರಿಯಡ್ಡಿನಲ್ಲಿ ಮಂಜು ಬೆಂಚಿನ ಮೇಲೆ ನಿಂತದ್ದು. ನನಗೆ ಈಗಲೂ ನಗು ಬರುವ ಘಟನೆ, ಆದರೆ ನಿಂತವನು ನಾನಲ್ಲವಲ್ಲ. ಎರಡನೆಯದು ಕಬ್ಬಡ್ಡಿ ಪಂದ್ಯ, ಅದರಲ್ಲಿ ಇಬ್ಬರೂ ಇದ್ದೆವೆಂಬುದರ ಹೊರತು ಬೇರೇನೂ ವಿಶೇಷವಿರಲಿಲ್ಲ. ಮೂರನೆಯದು ಅವನ ಕೈವಾರ. ಅದರ ತಿರುಪು ಸಡಿಲವಾಗಿ ವೃತ್ತ ಎಳೆಯುವಾಗ ಕಾಲು ಜಾರುತ್ತಿತ್ತು, ಅವನು ಅದಕ್ಕೆ ಕಪ್ಪು ದಾರ ಬಿಗಿದು ಸುತ್ತಿಕೊಂಡಿದ್ದ. ಪ್ರಿಪರೇಟರಿ ಪರೀಕ್ಷೆಯಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆಯುವ ಪ್ರಶ್ನೆ ಬಂದ ದಿನ ನನ್ನ ಕೈವಾರ ಮನೆಯಲ್ಲೇ ಉಳಿದಿತ್ತು. ಅವನು ತನ್ನ ರಚನೆಯನ್ನು ಬೇಗ ಮುಗಿಸಿ, ಮೇಷ್ಟ್ರ ಅನುಮತಿ ಕೇಳಿ ತನ್ನದನ್ನು ನನಗೆ ಕೊಟ್ಟ. ಈ ನೆನಪಿನಲ್ಲಿ ಅವನು ಒಳ್ಳೆಯ ಕೆಲಸ ಮಾಡಿದವನು, ನಾನು ಮರೆತು ಬಂದವನು. ಮೊದಲ ಸಂದೇಶದ ನೆನಪು ಹೀಗೆ ಅವರನ್ನು ಮೇಲಿಟ್ಟು ನಮ್ಮನ್ನು ಸ್ವಲ್ಪ ಕೆಳಗಿಟ್ಟರೆ ಓದುವವರಿಗೆ ಮುಜುಗರವಿರುವುದಿಲ್ಲ. ಅಂಕ, ಫೇಲು, ಪೆಟ್ಟು, ಪ್ರೇಮಪತ್ರ ಇವು ನಾಲ್ಕೂ ಬೇಡ.

ಬರೆದ ಸಂದೇಶ

ಮೊದಲ ಕರಡು ಇದರ ಎರಡರಷ್ಟಿತ್ತು. ಕಡಿದ ಮೇಲೆ ಉಳಿದದ್ದು ಇಷ್ಟು:

‘ಮಂಜು, ನಾನು ಸುರೇಶ, ಸಾಗರದ ಹೈಸ್ಕೂಲಿನ ಹತ್ತನೇ “ಬಿ”ಯಲ್ಲಿ ನಿನ್ನ ಪಕ್ಕ ಕೂರುತ್ತಿದ್ದವನು, 1998ರ ಬ್ಯಾಚ್. ನಂಬರನ್ನು ನಿನ್ನನ್ನು ಕೇಳಿಕೊಂಡೇ ರಾಘು ಕೊಟ್ಟ. ಮೊನ್ನೆ ಮಗಳಿಗೆ ಸ್ಪರ್ಶಕ ಎಳೆಯುವುದನ್ನು ತೋರಿಸುತ್ತಿದ್ದಾಗ ನಿನ್ನ ಕೈವಾರ ನೆನಪಾಯಿತು, ಕಪ್ಪು ದಾರ ಸುತ್ತಿದ್ದೆಯಲ್ಲ, ಅದೇ. ಪ್ರಿಪರೇಟರಿ ದಿನ ನಾನು ನನ್ನದನ್ನು ಬಿಟ್ಟು ಬಂದಿದ್ದಾಗ ಮೇಷ್ಟ್ರನ್ನು ಕೇಳಿ ಅದನ್ನು ನನಗೆ ಕೊಟ್ಟಿದ್ದೆ. ಐಟಿಐ ಹಾಸ್ಟೆಲಿನಿಂದ ನೀನು ಬರೆದ ಕೊನೆಯ ಇನ್‌ಲ್ಯಾಂಡ್ ಪತ್ರಕ್ಕೆ ನಾನು ಉತ್ತರ ಬರೆಯಲೇ ಇಲ್ಲ, ತಪ್ಪು ನನ್ನದು. ಈಗ ತುಮಕೂರಿನಲ್ಲಿದ್ದೇನೆ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಏನೂ ಕೆಲಸ ಇಟ್ಟುಕೊಂಡು ಬರೆಯುತ್ತಿಲ್ಲ, ನೆನಪಾಯಿತು, ಬರೆದೆ. ಬಿಡುವಾದಾಗ ಎರಡು ಸಾಲು ಬರೆದರೆ ಸಂತೋಷ, ಆತುರವೇನಿಲ್ಲ.’

ಕಡಿದು ಹಾಕಿದ್ದು ಏನೆಂದು ಹೇಳಿದರೆ ಉಳಿದದ್ದರ ಕಾರಣ ತಿಳಿಯುತ್ತದೆ. ಮಗಳ ಹೆಸರು, ಅವಳ ಅಂಕಗಳು, ನಾವು ಹೊಸ ಮನೆ ಕಟ್ಟಿಸಿದ್ದು ಎಲ್ಲವೂ ಕರಡಿನಲ್ಲಿದ್ದವು. ಮಗಳ ಪ್ರಸ್ತಾಪವನ್ನು ಒಂದು ಪದದಷ್ಟು ಉಳಿಸಿಕೊಂಡೆ, ಏಕೆಂದರೆ ಇಷ್ಟು ವರ್ಷ ಇಲ್ಲದ ನೆನಪು ಈಗೇಕೆ ಬಂತು ಎಂಬ ಪ್ರಶ್ನೆಗೆ ಅದೇ ಉತ್ತರ. ‘ಈಗೇಕೆ’ ಎಂಬುದಕ್ಕೆ ಸಂದೇಶದಲ್ಲಿ ಉತ್ತರವಿರದಿದ್ದರೆ ಓದುವವರು ತಾವೇ ಒಂದನ್ನು ಊಹಿಸಿಕೊಳ್ಳುತ್ತಾರೆ, ಮತ್ತು ಆ ಊಹೆ ಸಾಮಾನ್ಯವಾಗಿ ಸಾಲ, ವಿಮೆ, ಚೀಟಿ ಅಥವಾ ಮದುವೆಯ ಕರೆಯೋಲೆ. ‘ಏನೂ ಕೆಲಸ ಇಟ್ಟುಕೊಂಡು ಬರೆಯುತ್ತಿಲ್ಲ’ ಎಂಬ ಸಾಲು ಇರುವುದೂ ಅದಕ್ಕಾಗಿಯೇ. ನಿಜಕ್ಕೂ ಏನಾದರೂ ಕೆಲಸವಿದ್ದರೆ ಆ ಸಾಲನ್ನು ಬರೆಯಬೇಡಿ, ಕೆಲಸವನ್ನೇ ನೇರವಾಗಿ ಹೇಳಿಬಿಡಿ. ಮೂರನೇ ದಿನ ಹೊರಬೀಳುವ ಕೆಲಸ ಮೊದಲ ದಿನದ ನೆನಪನ್ನೂ ಸುಳ್ಳು ಮಾಡುತ್ತದೆ.

ಸಂಪರ್ಕ ತಪ್ಪಿದ್ದರ ಬಗ್ಗೆ ಒಂದು ವಾಕ್ಯ ಸಾಕು, ಅದೂ ನಮ್ಮ ಪಾಲಿನದು ಮಾತ್ರ. ‘ನೀನೂ ನೆನಪಿಸಿಕೊಳ್ಳಲಿಲ್ಲವಲ್ಲ’ ಎಂಬ ಹುಸಿಮುನಿಸು ಎದುರಾಎದುರು ಚೆನ್ನ, ಬರಹದಲ್ಲಿ ಅದು ಆರೋಪವಾಗಿ ಕೇಳುತ್ತದೆ. ಇನ್ನೊಂದು ಕಡೆ, ಕ್ಷಮೆಯನ್ನು ಎರಡು ಪ್ಯಾರಾ ಬರೆದರೆ ಸಮಾಧಾನ ಹೇಳುವ ಹೊರೆ ಅವನ ಮೇಲೆ ಬೀಳುತ್ತದೆ.

ಇಡೀ ಸಂದೇಶದಲ್ಲಿ ಒಂದೂ ಪ್ರಶ್ನೆಯಿಲ್ಲದಿರುವುದನ್ನು ಗಮನಿಸಿ. ಮದುವೆಯಾಯಿತೇ, ಮಕ್ಕಳೆಷ್ಟು, ಎಲ್ಲಿ ಕೆಲಸ, ಸ್ವಂತ ಮನೆಯೇ ಎಂದು ಕೇಳುವುದು ನಮ್ಮ ಕಡೆ ಕುಶಲೋಪರಿಯ ರೂಢಿ. ಆದರೆ ನಡುವಿನ ವರ್ಷಗಳಲ್ಲಿ ಅವರ ಮದುವೆ ಮುರಿದಿರಬಹುದು, ಕೆಲಸ ಹೋಗಿರಬಹುದು, ಮನೆಯಲ್ಲೊಬ್ಬರು ಇಲ್ಲವಾಗಿರಬಹುದು. ಅಂಥವರು ಉತ್ತರಿಸುವುದಾದರೆ ಮೊದಲು ಅದನ್ನೇ ಹೇಳಬೇಕಾಗುತ್ತದೆ, ಹೇಳಲಾಗದೆ ಸುಮ್ಮನಾಗುತ್ತಾರೆ. ಅದಕ್ಕೇ ಮಂಜುವಿನ ತಂದೆಯ ವಿಷಯ ಗೊತ್ತಿದ್ದರೂ ಅದನ್ನು ಎರಡನೇ ಸಂದೇಶಕ್ಕೆ ಉಳಿಸಿಕೊಂಡೆ. ಸಾವು ಕಳೆದ ವಾರವೋ ಕಳೆದ ತಿಂಗಳೋ ಆಗಿದ್ದರೆ ಮಾತ್ರ ಮೊದಲೇ ಒಂದು ಸಾಲು ಬರೆಯಬೇಕು, ಆಗ ನೆನಪು-ತಮಾಷೆಗಳನ್ನು ಬಿಟ್ಟುಬಿಡಬೇಕು.

ಲಿಪಿಯ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಜೊತೆಗೆ ಓದಿದವರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳಿಸುವುದಕ್ಕಿಂತ ಕನ್ನಡ ಲಿಪಿಯಲ್ಲೇ ಬರೆಯುವುದು ಮೇಲು. ಟೈಪಿಂಗ್ ಕಷ್ಟವೆನ್ನುವವರು ಜಿಬೋರ್ಡ್‌ನಲ್ಲಿ ಕನ್ನಡ ಕೈಬರಹದ ಕೀಲಿಮಣೆಯನ್ನು ಹಾಕಿಕೊಂಡು ಬೆರಳಿನಿಂದಲೇ ಬರೆಯಬಹುದು. ಮೊದಲ ಸಲವೇ ಧ್ವನಿ ಸಂದೇಶ ಬೇಡ, ಅದನ್ನು ಬಸ್ಸಿನಲ್ಲೋ ಕಚೇರಿಯಲ್ಲೋ ಕೇಳಲಾಗುವುದಿಲ್ಲ. ಹಳೆಯ ಗ್ರೂಪ್ ಫೋಟೋ ಕೂಡ ಬೇಡ, ಅಪರಿಚಿತ ಸಂಖ್ಯೆಯಿಂದ ಬಂದ ಚಿತ್ರವನ್ನು ತೆರೆಯಬಾರದೆಂದು ಈಗ ಎಲ್ಲರೂ ಕಲಿತಿದ್ದಾರೆ. ಸಂಖ್ಯೆ ಸಿಗದೆ ಫೇಸ್‌ಬುಕ್ಕಿನಲ್ಲಿ ಬರೆಯುವುದಾದರೆ, ಸ್ನೇಹಿತರ ಪಟ್ಟಿಯಲ್ಲಿಲ್ಲದವರ ಸಂದೇಶ ಮೆಸೆಂಜರಿನ ‘ಮೆಸೇಜ್ ರಿಕ್ವೆಸ್ಟ್ಸ್’ ಎಂಬ ಬೇರೆ ಕಡೆ ಹೋಗಿ ಬೀಳುತ್ತದೆಂಬುದು ನೆನಪಿರಲಿ. ಅಲ್ಲಿ ಅದು ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಇರಬಹುದು.

ಕಳಿಸುವುದು ಮತ್ತು ಕಾಯುವುದು

ಬರೆದ ಮೇಲೂ ಕಳಿಸದೆ ಇರುವವರೇ ಹೆಚ್ಚು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಲಾರಾ ಅಕ್ನಿನ್ ಮತ್ತು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಪರ್ಕ ತಪ್ಪಿದ ಗೆಳೆಯರ ವಿಳಾಸವೂ ಬರೆಯಲು ಸಮಯವೂ ಮನಸ್ಸೂ ಇದ್ದವರಲ್ಲಿ ಸಂದೇಶವನ್ನು ನಿಜವಾಗಿ ಕಳಿಸಿದವರು ಸುಮಾರು ಮೂರನೇ ಒಂದು ಭಾಗ ಮಾತ್ರ. ಮೊದಲು ಕೆಲವು ನಿಮಿಷ ಈಗಿನ ಗೆಳೆಯರಿಗೆ ಸಂದೇಶ ಕಳಿಸಿ ಕೈ ಪಳಗಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಳೆಯ ಗೆಳೆಯರಿಗೂ ಕಳಿಸಿದರು. ನಾನು ಅದನ್ನೇ ಪ್ರಯೋಗಿಸಿದೆ. ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ ತಿಂಡಿ ಮುಗಿಸಿ, ರಾಘುವಿಗೂ ಪ್ರೆಸ್ಸಿನ ಸಹೋದ್ಯೋಗಿಯೊಬ್ಬರಿಗೂ ಎರಡೆರಡು ಸಾಲು ಬರೆದು, ಅದೇ ಓಟದಲ್ಲಿ ಮಂಜುವಿಗೂ ಕಳಿಸಿಬಿಟ್ಟೆ.

ಕಳಿಸಿದ ನಂತರ ಗೆರೆಗಳನ್ನು ನೋಡುತ್ತ ಕೂರಬೇಡಿ. ಬೂದು ಬಣ್ಣದ ಎರಡು ಗೆರೆಯೆಂದರೆ ಸಂದೇಶ ತಲುಪಿದೆ ಎಂದಷ್ಟೇ ಅರ್ಥ. ಓದಿದ್ದನ್ನು ತೋರಿಸುವ ವ್ಯವಸ್ಥೆಯನ್ನು ಅವರು ನಿಲ್ಲಿಸಿಟ್ಟಿದ್ದರೆ ಓದಿದ ಮೇಲೂ ಅವು ನೀಲಿಯಾಗುವುದಿಲ್ಲ. ನೀಲಿಯಾದರೂ ಉತ್ತರ ಬರದಿದ್ದರೆ ಅದು ನಿರಾಕರಣೆಯೇ ಆಗಬೇಕಿಲ್ಲ, ಇಂಥ ಸಂದೇಶಕ್ಕೆ ನಿಧಾನವಾಗಿ ಉತ್ತರಿಸೋಣವೆಂದು ಎತ್ತಿಟ್ಟು ಮರೆಯುವವರು ಬಹಳ ಜನ. ನೆನಪಿಸುವುದಾದರೆ ಮೂರ್ನಾಲ್ಕು ತಿಂಗಳು ಬಿಟ್ಟು, ಯುಗಾದಿಗೋ ದೀಪಾವಳಿಗೋ ಹೆಸರು ಹಿಡಿದು ಒಂದು ಸಾಲಿನ ಶುಭಾಶಯ ಬರೆಯಿರಿ, ಸಾವಿರ ಜನರಿಗೆ ಹೋಗುವ ಫಾರ್ವರ್ಡ್ ಚಿತ್ರವನ್ನಲ್ಲ. ಅದಕ್ಕೂ ಉತ್ತರ ಬರದಿದ್ದರೆ ಅಲ್ಲಿಗೆ ನಿಲ್ಲಿಸಿ, ಏಕೆಂದು ತಿಳಿದುಕೊಂಡು ಬಾ ಎಂದು ನಡುವಿನವರನ್ನು ಅಟ್ಟಬೇಡಿ.

ಮಂಜುವಿನ ಉತ್ತರ ಹನ್ನೊಂದನೇ ದಿನ ಬಂತು. ಕೈವಾರದ ಸಂಗತಿ ಅವನಿಗೆ ಸ್ವಲ್ಪವೂ ನೆನಪಿರಲಿಲ್ಲ. ಬದಲಾಗಿ, ಅಕ್ಕಿ ಗಿರಣಿಯ ಹತ್ತಿರದ ನಾಯಿಗೆ ಹೆದರಿ ನಾನು ದಿನವೂ ಅವನ ಕೊಡೆಯ ಮರೆಯಲ್ಲಿ ನಡೆಯುತ್ತಿದ್ದುದನ್ನು ಬರೆದಿದ್ದ, ಅದು ನನಗೆ ಮರೆತೇಹೋಗಿತ್ತು. ನಿಮ್ಮ ನೆನಪನ್ನು ಅವರು ಒಪ್ಪದಿದ್ದರೆ ‘ಇಲ್ಲ, ಸರಿಯಾಗಿ ಯೋಚಿಸು’ ಎಂದು ಸಾಧಿಸಲು ಹೋಗಬೇಡಿ, ಅವರು ಕೊಟ್ಟದ್ದನ್ನು ತೆಗೆದುಕೊಳ್ಳಿ. ಅವನು ಬರೆದದ್ದು ಐದು ಸಾಲು, ನಾನೂ ಐದೇ ಸಾಲು ಬರೆದೆ. ಅದರಲ್ಲಿ ಎರಡು ಅವನ ತಂದೆಯ ಬಗ್ಗೆ: ರಾಘುವಿನಿಂದ ವಿಷಯ ತಿಳಿಯಿತೆಂದು, ಮಳೆಗಾಲದಲ್ಲಿ ಅವರ ಮನೆಗೆ ಹೋದಾಗಲೆಲ್ಲ ಒಲೆಯ ಮುಂದೆ ಕೂರಿಸಿ ಹಲಸಿನ ಬೀಜ ಸುಟ್ಟು ಕೊಡುತ್ತಿದ್ದುದನ್ನು ಮರೆತಿಲ್ಲವೆಂದು. ಈ ಸಲ ಉತ್ತರಕ್ಕೆ ಕಾಯಬೇಕಾಗಲಿಲ್ಲ, ಹತ್ತು ನಿಮಿಷದಲ್ಲಿ ಫೋನು ರಿಂಗಾಯಿತು.

ಬ್ಯಾಚಿನ ಗುಂಪಿಗೆ ಅವನನ್ನು ಸೇರಿಸಲೇ ಎಂದು ರಾಘು ಅದೇ ದಿನ ಕೇಳಿದ. ಬೇಡವೆಂದೆ. ಅರವತ್ತು ಜನರ ‘ಗುಡ್ ಮಾರ್ನಿಂಗ್’ಗಳ ನಡುವೆ ಬರಬೇಕೋ ಬೇಡವೋ ಎಂಬುದನ್ನು ಮಂಜುವೇ ಹೇಳಲಿ.